ಸಹಾಯ ಬೇಕು: 0.1666… ಅನ್ನು ಭಿನ್ನರಾಶಿ ಮಾಡುವಾಗ ಮಕ್ಕಳು ತಪ್ಪುವ ಜಾಗ

ಗಣಿತ ಮೇಷ್ಟ್ರುಗಳೇ, ಒಂಬತ್ತನೇ ತರಗತಿಗೆ ಆವರ್ತ ದಶಮಾಂಶ ಹೇಳಿಕೊಡುತ್ತಿದ್ದೇವೆ. 1/3 ಯಾಕೆ ಮುಗಿಯಲ್ಲ ಅನ್ನೋದು ಮಕ್ಕಳಿಗೆ ಹಿಡಿಸಿದೆ. 10ನ್ನು 3ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 1. ಸೊನ್ನೆ ಇಳಿಸಿದರೆ ಮತ್ತೆ ಅದೇ 10. ಶೇಷ ಸೊನ್ನೆ ಆಗುವುದೇ ಇಲ್ಲ, ಯಾಕೆಂದರೆ 10, 100, 1000 ಯಾವುದನ್ನೂ 3 ನಿಶ್ಶೇಷವಾಗಿ ಭಾಗಿಸುವುದಿಲ್ಲ.

0.333… ಅನ್ನು ತಿರುಗಿಸುವುದೂ ಸಲೀಸು: x = 0.333…, 10x = 3.333…, ಕಳೆದರೆ 9x = 3, x = 1/3.

ತೊಡಕು ಇರುವುದು 0.1666…ರಲ್ಲಿ. 1 ಒಮ್ಮೆ ಮಾತ್ರ ಬರುತ್ತದೆ, 6 ಮಾತ್ರ ಆವರ್ತ. ಆದರೂ ಬಹಳ ಮಕ್ಕಳು 16/99 ಎಂದು ಬರೆಯುತ್ತಾರೆ. ಭಾಗಿಸಿ ನೋಡಿದರೆ ಅದು 0.161616… ಬರುತ್ತದೆ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಬಾಲ ಒಂದೇ ಆಗಿರುವ ಎರಡು ಸಾಲು ಬೇಕು: 100x = 16.666…, 10x = 1.666…. ಕಳೆದರೆ 90x = 15, x = 1/6.

ನಮ್ಮ ಪ್ರಶ್ನೆ ಇದು. 6 = 2 × 3, ಅದರಲ್ಲಿ ಒಂದು 2 ಇರುವುದರಿಂದಲೇ ಆವರ್ತಕ್ಕೆ ಮೊದಲು ಒಂದು ಅಂಕಿ ಬರುತ್ತದೆ. 12 = 2 × 2 × 3, ಅದರಲ್ಲಿ ಎರಡು 2, ಹಾಗಾಗಿ 1/12 = 0.08333…. ಇದನ್ನು ಬೀಜಗಣಿತವಿಲ್ಲದೆ, ಬರೀ ಭಾಗಾಕಾರದ ಶೇಷಗಳನ್ನು ತೋರಿಸಿ ವಿವರಿಸುವ ದಾರಿ ಯಾರಾದರೂ ಬಳಸಿದ್ದೀರಾ? ಬೋರ್ಡಿನ ಮೇಲೆ ಬರೆದ ಹಂತಗಳ ಫೋಟೋ ಹಾಕಿದರೂ ಸಾಕು.