ಕರಾರುಪತ್ರದ ಫೋಟೊಗಳನ್ನು ಕಲಂ ಸಂಖ್ಯೆ ಕೆಡದಂತೆ ಪಠ್ಯ ಮಾಡಿದವರು ಅನುಭವ ಹೇಳಿ

ಗೋದಾಮಿನ ಮಗಳು, ದಾವಣಗೆರೆ
ಅಪ್ಪನ ಗೋದಾಮಿನ ಬಾಡಿಗೆ ಕರಾರು 22 ಪುಟ ಇದೆ. ನನ್ನ ಹತ್ತಿರ ಇರುವುದು ಮೊಬೈಲ್‌ನಲ್ಲಿ ತೆಗೆದ ಚಿತ್ರಗಳು ಮಾತ್ರ. ಬಹುಪಾಲು ಇಂಗ್ಲಿಷ್, ಕೊನೆಯ ನಾಲ್ಕು ಪುಟ ಕನ್ನಡ. ಕಲಂ 7, ಅದರೊಳಗೆ 7.2, ಅದರೊಳಗೆ `(a)`, ಮತ್ತೆ ಅದರೊಳಗೆ `(i)`. ಓಸಿಆರ್ ಮಾಡಿದರೆ ಪದಗಳು ಸರಿಯಾಗಿ ಬರುತ್ತವೆ, ಸಂಖ್ಯೆಗಳು ಮಾತ್ರ ಚೆಲ್ಲಾಪಿಲ್ಲಿ. ವಕೀಲರಿಗೆ ಕಳುಹಿಸಬೇಕು. ನೀವು ಹೇಗೆ ಮಾಡಿದಿರಿ?

ಅನುವಾದಕಿ, ಬೆಂಗಳೂರು
ಎರಡು ವರ್ಷವಾದರೂ ನನಗೆ ಇದು ಮರೆತಿಲ್ಲ. ಒಂದು ಅಂಗಡಿ ಮಳಿಗೆಯ ಕರಾರು, 31 ಪುಟ, ಪುಟಕ್ಕೆ 200 ರೂಪಾಯಿಯಂತೆ ಒಪ್ಪಿಕೊಂಡಿದ್ದೆ. ಓಸಿಆರ್ ಪಠ್ಯವನ್ನು ಅಂಟಿಸಿ, ಚೆಂದ ಕಾಣಲಿ ಎಂದು ಸಂಖ್ಯೆಗಳನ್ನೆಲ್ಲ ಸ್ವಯಂಚಾಲಿತ ಪಟ್ಟಿಯಾಗಿ ಮಾಡಿದೆ. ಮೂಲದಲ್ಲಿ ಕಲಂ 9ರ ಎದುರು ‘ಉದ್ದೇಶಪೂರ್ವಕವಾಗಿ ಬಿಡಲಾಗಿದೆ’ ಎಂದಷ್ಟೇ ಇತ್ತು. ಖಾಲಿ ಸಾಲು ಏಕೆ ಎಂದು ಅಳಿಸಿಬಿಟ್ಟೆ. ಆ ಕ್ಷಣದಲ್ಲಿ ಕೆಳಗಿನ ಕಲಂಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ನಾನು ಗಮನಿಸಲಿಲ್ಲ.

ಮೂಲದಲ್ಲಿ 12 ಎಂದರೆ ಕರಾರು ರದ್ದತಿ, 13 ಎಂದರೆ ನೋಟಿಸ್ ಕಳುಹಿಸುವ ವಿಳಾಸ. ‘ಕಲಂ 12ರಂತೆ ರದ್ದಾದರೆ ಮುಂಗಡ ಹಿಂದಿರುಗಿಸತಕ್ಕದ್ದು’ ಎಂಬ ವಾಕ್ಯ ಹಾಗೆಯೇ ಉಳಿಯಿತು, ಏಕೆಂದರೆ ವಾಕ್ಯದ ನಡುವಿನ ಸಂಖ್ಯೆ ಬರಿಯ ಅಕ್ಷರ. ಆದರೆ ನನ್ನ ಪ್ರತಿಯಲ್ಲಿ 12 ಎಂದರೆ ವಿಳಾಸ! ಎದುರು ಪಕ್ಷದ ವಕೀಲರು ಅದನ್ನು ಹಿಡಿದರು. 6,200 ರೂಪಾಯಿಯನ್ನೂ ಹಿಂದಕ್ಕೆ ಕೊಟ್ಟೆ, ಎರಡು ರಾತ್ರಿ ಕುಳಿತು ಮತ್ತೆ ಮಾಡಿದೆ.

ಈಗ ಟೈಪ್ ಮಾಡುವ ಮೊದಲೇ ಸ್ವಯಂ ಸಂಖ್ಯೆಯ ಸೌಲಭ್ಯವನ್ನು ಬಂದ್ ಮಾಡುತ್ತೇನೆ. `7.2` ಎಂಬುದು ಏಳು, ಚುಕ್ಕೆ, ಎರಡು ಎಂದು ಅಕ್ಷರಗಳಾಗಿಯೇ ಕೂರಬೇಕು. ಬೇರೆಯವರು ಪಟ್ಟಿಯಾಗಿ ಮಾಡಿಟ್ಟ ವರ್ಡ್ ಕಡತ ಕೈಗೆ ಬಂದರೆ, ಏನನ್ನೂ ಮುಟ್ಟುವ ಮೊದಲು ಮ್ಯಾಕ್ರೋ ಕಿಟಕಿಯಲ್ಲಿ ಈ ಒಂದು ಸಾಲು ಓಡಿಸಿ ಸಂಖ್ಯೆಗಳನ್ನು ಅಕ್ಷರ ಮಾಡಿಕೊಳ್ಳುತ್ತೇನೆ:

```
ActiveDocument.Range.ListFormat.ConvertNumbersToText
```

ಸಾಲು ಅಳೆಯುವವನು, ಮೈಸೂರು
ಮೇಡಂ ಹೇಳಿದ್ದು ಎರಡನೆಯ ಹೆಜ್ಜೆ. ಚಿತ್ರದಿಂದ ಸಂಖ್ಯೆ ಸರಿಯಾಗಿ ಹೊರಬರುವುದೇ ಮೊದಲ ಹೆಜ್ಜೆ, ಅದನ್ನು ಸಾಧಿಸಲು ನನಗೆ ಮೂರು ಭಾನುವಾರ ಹಿಡಿಯಿತು. ನಮ್ಮ ಪಾಲುದಾರಿಕೆ ಪತ್ರವನ್ನು ಓಸಿಆರ್ ತಂತ್ರಾಂಶವಾದ ಟೆಸೆರಾಕ್ಟ್‌ಗೆ ಹಾಗೆಯೇ ಕೊಟ್ಟೆ. ಎಡ ಅಂಚಿನಲ್ಲಿ ನೇತಾಡುವ ಸಂಖ್ಯೆಗಳನ್ನು ಅದು ಬೇರೆಯೇ ಅಂಕಣ ಎಂದುಕೊಂಡಿತು. 4.1, 4.2, 4.3 ಎಲ್ಲ ಮೇಲೆ ಒಂದು ಗುಂಪಾಗಿ, ಬರಹವೆಲ್ಲ ಕೆಳಗೆ. ಪುಟವನ್ನು ಒಂದೇ ತುಂಡಾಗಿ ಓದು ಎಂದು ಹೇಳಿದ ಮೇಲೆ ಸಂಖ್ಯೆ ತನ್ನ ಸಾಲಿನ ಪಕ್ಕಕ್ಕೆ ಬಂತು:

```
tesseract puta14.png puta14 -l eng+kan --psm 6 tsv
```

ಕೊನೆಯ `tsv` ಮುಖ್ಯ. ಪ್ರತಿ ಪದ ಎಡದಿಂದ ಎಷ್ಟು ಪಿಕ್ಸೆಲ್ ದೂರದಲ್ಲಿದೆ ಎಂಬುದು `left` ಎಂಬ ಅಂಕಣದಲ್ಲಿ ಸಿಗುತ್ತದೆ. ನನ್ನ ಪತ್ರದಲ್ಲಿ 4.1ರ ಸಾಲು 212ರ ಸುತ್ತ, `(a)` 298ರ ಸುತ್ತ, `(i)` 385ರ ಸುತ್ತ ನಿಂತಿದ್ದವು. ಸಂಖ್ಯೆಯನ್ನು ಓಸಿಆರ್ `(1)` ಎಂದೋ `(l)` ಎಂದೋ ತಪ್ಪಾಗಿ ಓದಿದರೂ ಅದು ಯಾವ ಹಂತದ್ದು ಎಂದು ದೂರವೇ ಹೇಳುತ್ತದೆ. `(ii)` ಹೋಗಿ `(11)` ಆಗುವುದು ಮಾಮೂಲು, ಅದನ್ನು ತಿದ್ದುವುದಕ್ಕೂ ಇದೇ ಆಧಾರ.

ಸೋತದ್ದು ಎಲ್ಲಿ ಎಂದರೆ, ಈ ಮೂರು ಅಳತೆಗಳನ್ನು ಎಲ್ಲ ಪುಟಗಳಿಗೂ ಒಂದೇ ಎಂದುಕೊಂಡೆ. ಹೊಲಿದ ಪತ್ರದ ಪುಟ ಬಾಗಿರುತ್ತದೆ. ಒಂದು ಪುಟದ ಮೇಲ್ತುದಿಯಲ್ಲಿ 298 ಇದ್ದ `(a)` ಸಾಲು ಕೆಳತುದಿಗೆ ಬರುವಷ್ಟರಲ್ಲಿ 350 ಆಗಿತ್ತು. ಅದು `(i)` ಹಂತಕ್ಕೆ ಸೇರಿಹೋಯಿತು. ಗಾಜು ಒತ್ತಿ, ನೇರ ಮೇಲಿನಿಂದ ಮತ್ತೆ ಫೋಟೊ ತೆಗೆದ ಮೇಲೆ, ಪ್ರತಿ ಪುಟಕ್ಕೂ ಬೇರೆ ಅಳತೆ ಹಾಕಿದ ಮೇಲೆ ಸರಿಹೋಯಿತು.

ಪತ್ರಬರಹಗಾರ, ತುಮಕೂರು
ಮೂವತ್ತು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ. ಪಿಕ್ಸೆಲ್ ಅಳೆದು ಯಾರೂ ಕರಾರು ಓದುವುದಿಲ್ಲ ಸ್ವಾಮಿ. ನಿಮ್ಮ ಯಂತ್ರಕ್ಕೆ ಕನ್ನಡದ ಉಪಕಲಂ ಕೊಟ್ಟು ನೋಡಿ. ಒಬ್ಬ ಬರಹಗಾರ (ಅ), (ಆ), (ಇ) ಎಂದು ಹಾಕುತ್ತಾನೆ. ಇನ್ನೊಬ್ಬ (ಎ), (ಬಿ), (ಸಿ), (ಡಿ), (ಇ) ಎಂದು ಹಾಕುತ್ತಾನೆ. ಮೊದಲನೆಯವನ (ಇ) ಮೂರನೆಯದು, ಎರಡನೆಯವನದು ಐದನೆಯದು. ಹರಿದ ಪುಟದಲ್ಲಿ (ಇ) ಒಂದೇ ಉಳಿದಿದ್ದರೆ ಯಂತ್ರ ಏನು ಹೇಳುತ್ತದೆ? ಕಳೆದ ವರ್ಷ ಒಂದು ವಿಭಾಗಪತ್ರದಲ್ಲಿ ಇದೇ ಆಯಿತು. ನಾನು ಮೂರನೆಯದು ಎಂದು ಬರೆದೆ, ಅಣ್ಣತಮ್ಮಂದಿರು ಜಗಳಕ್ಕೆ ಬಂದರು. ಹಿಂದಿನ ಪುಟದಲ್ಲಿ (ಡಿ) ಸಿಕ್ಕಿದ ಮೇಲೆ ತಣ್ಣಗಾದರು.

ನಾನು ಪೂರ್ತಿ ಕೈಯಲ್ಲೇ ಟೈಪ್ ಮಾಡುತ್ತೇನೆ. ಮೂಲದಲ್ಲಿ 7.4 ಎರಡು ಸಲ ಬಂದಿದ್ದರೆ ಎರಡನೆಯದನ್ನು 7.5 ಎಂದು ತಿದ್ದಿಯೂ ಕೊಡುತ್ತೇನೆ.

ಅನುವಾದಕಿ, ಬೆಂಗಳೂರು
ದಯವಿಟ್ಟು ಆ ಕೆಲಸ ಮಾಡಬೇಡಿ! (ಇ) ವಿಷಯ ನೂರಕ್ಕೆ ನೂರು ನಿಜ, ಆದರೆ ತಿದ್ದುವ ಅಧಿಕಾರ ನಮಗಿಲ್ಲ. ಸಹಿ ಬಿದ್ದಿರುವುದು ಎರಡು 7.4 ಇರುವ ಪತ್ರಕ್ಕೆ. ಒಂದನ್ನು 7.5 ಮಾಡಿದರೆ ನಿಜವಾದ 7.5ನ್ನು ಏನು ಮಾಡುತ್ತೀರಿ? ಅದನ್ನೂ 7.6 ಮಾಡುತ್ತೀರಾ? ಆಗ ನನಗೆ ಬಂದ ಗತಿಯೇ ನಿಮ್ಮ ಗಿರಾಕಿಗೂ ಬರುತ್ತದೆ.

ಪತ್ರಬರಹಗಾರ, ತುಮಕೂರು
ನಿಮ್ಮ ತಪ್ಪಿಗೂ ನನ್ನ ಕೆಲಸಕ್ಕೂ ಗಂಟು ಹಾಕಬೇಡಿ. ತಪ್ಪನ್ನು ಕಂಡೂ ತಪ್ಪಾಗಿ ಬರೆಯುವುದು ನನ್ನ ಕೈಗೆ ಬರುವುದಿಲ್ಲ.

ನೋಂದಣಿ ಅಲೆದಾಟ, ಶಿವಮೊಗ್ಗ
ಇಷ್ಟೆಲ್ಲ ಏಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆದುಕೊಳ್ಳಿ, ಮುಗಿಯಿತು. ನಾನು ನಮ್ಮ ತೋಟದ ಪತ್ರಕ್ಕೆ ಹಾಗೆಯೇ ಮಾಡಿದೆ, ನಾಲ್ಕು ಸಲ ಓಡಾಡಿದೆ, ಕೊನೆಗೆ ಸಿಕ್ಕಿತು.

ಸಾಲು ಅಳೆಯುವವನು, ಮೈಸೂರು
ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಚಿತ್ರದ ಮುದ್ರಣ ತಾನೆ? ಅದನ್ನೂ ಪಠ್ಯ ಮಾಡಲೇಬೇಕು. ಬಾಗಿಲ್ಲದ ಚಿತ್ರ ಸಿಗುತ್ತದೆ ಎಂಬುದೊಂದೇ ಲಾಭ.

58 ಪುಟ ಕಳೆದುಕೊಂಡವನು, ಹುಬ್ಬಳ್ಳಿ
ಕೈಯಲ್ಲಿ ಟೈಪ್ ಮಾಡಿಸುವವರು ನನ್ನ ಕಥೆ ಕೇಳಿ. ಜಂಟಿ ಅಭಿವೃದ್ಧಿ ಕರಾರು, 58 ಪುಟ ಕನ್ನಡ, ಡಿಟಿಪಿ ಅಂಗಡಿಯಲ್ಲಿ ಪುಟಕ್ಕೆ 40ರಂತೆ 2,320 ರೂಪಾಯಿ. ಮುದ್ರಣ ನೋಡಿದರೆ ಮುತ್ತಿನಂತೆ ಇತ್ತು. ಕಡತವನ್ನು ವಕೀಲರಿಗೆ ಕಳುಹಿಸಿದರೆ ಅವರ ಕಂಪ್ಯೂಟರ್‌ನಲ್ಲಿ ಬರೀ ಲ್ಯಾಟಿನ್ ಗೀಚು. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಹೊಡೆದಿದ್ದರು. ಪರಿವರ್ತಕಕ್ಕೆ ಹಾಕಿದೆ. ಕನ್ನಡವೇನೋ ಬಂತು, ಆದರೆ ಉಪಕಲಂಗಳ `(a)`, `(b)`, `(ii)` ಎಲ್ಲವನ್ನೂ ಪರಿವರ್ತಕ ಕನ್ನಡದ ಸಂಕೇತ ಎಂದುಕೊಂಡು ಅರ್ಥವಿಲ್ಲದ ಕನ್ನಡ ಅಕ್ಷರ ಮಾಡಿಬಿಟ್ಟಿತು. ಎಲ್ಲೆಲ್ಲಿ ಏನಿತ್ತು ಎಂದು ಮೂಲದ ಪಕ್ಕ ಇಟ್ಟುಕೊಂಡು 58 ಪುಟ ಹುಡುಕಿದೆ. ಅಂಗಡಿಯವರು ಹಣ ಹಿಂದಿರುಗಿಸಲಿಲ್ಲ.

ಡಿಟಿಪಿ ಕೆಲಸದವಳು, ಗದಗ
ಏಕೆ ಹಿಂದಿರುಗಿಸಬೇಕು ಅಣ್ಣಾ? ಮುದ್ರಣ ಕೇಳಿದಿರಿ, ಮುದ್ರಣ ಕೊಟ್ಟರು. ಯುನಿಕೋಡ್ ಬೇಕು ಎಂದು ಒಂದು ಮಾತು ಹೇಳಿದ್ದರೆ ಅದರಲ್ಲೇ ಹೊಡೆಯುತ್ತಿದ್ದರು. 40 ರೂಪಾಯಿಗೆ ಕಾನೂನು ಭಾಷೆಯ ಒಂದು ಪುಟ ಹೊಡೆಯುವುದು ಎಷ್ಟು ಕಷ್ಟ ಎಂದು ಕುಳಿತು ನೋಡಿ. ಇಂಗ್ಲಿಷ್ ಅಕ್ಷರಗಳಿಗೆ ಬೇರೆ ಅಕ್ಷರಶೈಲಿ ಇರುತ್ತದೆ, ಆ ಭಾಗ ಬಿಟ್ಟು ಪರಿವರ್ತಿಸಿದ್ದರೆ ನಿಮ್ಮ `(a)` ಉಳಿಯುತ್ತಿತ್ತು.

58 ಪುಟ ಕಳೆದುಕೊಂಡವನು, ಹುಬ್ಬಳ್ಳಿ
ಕಡತವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡಿದ್ದೆನಲ್ಲ. ಮುದ್ರಣ ಮಾತ್ರ ಬೇಕಿದ್ದರೆ ಕಡತ ಏಕೆ ಕೇಳುತ್ತಿದ್ದೆ?

ಗೋದಾಮಿನ ಮಗಳು, ದಾವಣಗೆರೆ
ಎಲ್ಲರಿಗೂ ವಂದನೆ. ಗಾಜು ಒತ್ತಿ ಮತ್ತೆ ತೆಗೆಯಲು ಆಗದು, ಮೂಲಪತ್ರ ಎದುರು ಪಕ್ಷದವರ ಬಳಿ ಇದೆ. 14ನೇ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ. 7.2ರ ಕೆಳಗೆ `(a)`ಯಿಂದ `(h)` ವರೆಗೆ ಬಂದು, ಆಮೇಲೆ ಒಂದು `(i)` ಇದೆ. ಇದು `h` ನಂತರದ ಅಕ್ಷರವೋ, `(h)` ಒಳಗಿನ ರೋಮನ್ ಒಂದೋ?

ಸಾಲು ಅಳೆಯುವವನು, ಮೈಸೂರು
`(h)` ನಂತರ ಬಂದಿದೆ ಎಂದ ಮೇಲೆ ಅಕ್ಷರವೇ. ಇದರಲ್ಲಿ ಅನುಮಾನ ಏಕೆ?

ಅನುವಾದಕಿ, ಬೆಂಗಳೂರು
ಅನುಮಾನ ಬೇಕು. `(h)` ಒಳಗೆ ಉಪಕಲಂ ಇದ್ದರೂ `(i)` ಅದರ ನಂತರವೇ ಬರುತ್ತದೆ. ಹಿಂದಿನದನ್ನಲ್ಲ, ಮುಂದಿನದನ್ನು ನೋಡಿ: `(j)` ಬಂದರೆ ಅಕ್ಷರ, `(ii)` ಬಂದರೆ ರೋಮನ್. ಎರಡೂ ಇಲ್ಲದಿದ್ದರೆ `(h)` ಹೇಗೆ ಮುಗಿದಿದೆ ನೋಡಿ. ಅರ್ಧವಿರಾಮವಿದ್ದರೆ ಅಲ್ಲಿಗೆ ಒಂದು ಷರತ್ತು ಮುಗಿಯಿತು. ‘ಈ ಕೆಳಗಿನಂತೆ’ ಎಂದು ಎರಡು ಚುಕ್ಕೆ ಇದ್ದರೆ ಒಳಗಿನದು ಶುರುವಾಗುತ್ತಿದೆ.

ಇನ್ನೊಂದು ಮಾತು. ಆ ಪಟ್ಟಿ ಮುಗಿದ ಮೇಲೆ ಸಂಖ್ಯೆಯಿಲ್ಲದ ಪ್ಯಾರಾ ಇದೆಯೇ ನೋಡಿ, ‘ಆದರೆ, ಮೇಲ್ಕಂಡ ಯಾವುದೇ ಸಂದರ್ಭದಲ್ಲಿ…’ ಎಂಬಂಥದ್ದು. ಅದು 7.2ರ ಅಂಚಿಗೆ ನಿಂತಿದ್ದರೆ ಎಲ್ಲ ಉಪಕಲಂಗಳಿಗೂ ಅನ್ವಯ. ಪಠ್ಯ ಮಾಡುವಾಗ ಕೊನೆಯ ಉಪಕಲಂಗೆ ಅಂಟಿಕೊಂಡರೆ ಅದೊಂದಕ್ಕೇ ಅನ್ವಯವಾದಂತೆ ಓದಿಸಿಕೊಳ್ಳುತ್ತದೆ. ನಿಮ್ಮ ತಂದೆಯವರ ಹಣ ಅಂಥ ಪ್ಯಾರಾದಲ್ಲೇ ಇರಬಹುದು.

ಗೋದಾಮಿನ ಮಗಳು, ದಾವಣಗೆರೆ
ಅಂಥ ಪ್ಯಾರಾ ಇದೆ, ಅದನ್ನು ನಾನು `(i)` ಜೊತೆಗೇ ಸೇರಿಸಿಬಿಟ್ಟಿದ್ದೆ! ಈಗ ಬೇರೆ ಮಾಡಿದೆ. ಆದರೆ `(i)` ನಂತರ ನೇರ ಆ ಪ್ಯಾರಾ, ಆಮೇಲೆ 7.3. `(h)` ಕೊನೆಯಲ್ಲಿ ಬರೀ ಅಲ್ಪವಿರಾಮ. ಎಡ ಅಂಚು ಹೊಲಿಗೆಯ ಮಡಿಕೆಯೊಳಗೆ ಹೋಗಿದೆ.

ಸಾಲು ಅಳೆಯುವವನು, ಮೈಸೂರು
`(i)`ಯ ಎರಡನೆಯ ಸಾಲು ಎಲ್ಲಿ ಶುರುವಾಗುತ್ತದೆ? ಸಂಖ್ಯೆ ಮಡಿಕೆಯಲ್ಲಿ ಮುಚ್ಚಿದ್ದರೂ ಎರಡನೆಯ ಸಾಲು ಒಳಗೆ ನಿಂತಿರುತ್ತದೆ. ಅದನ್ನು `(g)`ಯ ಎರಡನೆಯ ಸಾಲಿಗೆ ಹೋಲಿಸಿ.

ಗೋದಾಮಿನ ಮಗಳು, ದಾವಣಗೆರೆ
`(i)` ಒಂದೇ ಸಾಲು.

ಅನುವಾದಕಿ, ಬೆಂಗಳೂರು
ಹಾಗಿದ್ದರೆ ಊಹೆ ಮಾಡಬೇಡಿ. `(i)` ಎಂದು ಇದ್ದ ಹಾಗೆ ಬರೆದು, ಪಕ್ಕದಲ್ಲಿ ಚೌಕ ಕಂಸದಲ್ಲಿ ‘ಚಿತ್ರದಲ್ಲಿ ಹಂತ ಸ್ಪಷ್ಟವಿಲ್ಲ, ಪುಟ 14’ ಎಂದು ಹಾಕಿ. ಮೂಲಪತ್ರ ನೋಡುವ ಅವಕಾಶವನ್ನು ವಕೀಲರು ಕೇಳಲಿ.

ಪತ್ರಬರಹಗಾರ, ತುಮಕೂರು
ಪತ್ರದಲ್ಲಿ ಇಲ್ಲದ ಕಂಸ ಹಾಕುವುದು ಮಾತ್ರ ತಿದ್ದುಪಡಿ ಅಲ್ಲವೇ ಮೇಡಂ?