ಕರೋಕೆ ಮೈಕ್ ಕಟ್ ಆಗ್ತಿದೆ, ಸೆಲ್ಲಾ ಸಿಗ್ನಲ್ಲಾ?

ಕೇಳಿದವರು: ಮನೆಯಲ್ಲಿ ಎರಡು ಕೈಮೈಕಿನ ವೈರ್‌ಲೆಸ್ ಸೆಟ್ ಇದೆ. ಪಲ್ಲವಿ ಚೆನ್ನಾಗಿ ಬರುತ್ತದೆ, ಚರಣಕ್ಕೆ ಹೋಗುವಷ್ಟರಲ್ಲಿ ದನಿ ಒಂದೆರಡು ಸೆಕೆಂಡ್ ಹೋಗಿ ಮತ್ತೆ ಬರುತ್ತದೆ. ಎರಡರಲ್ಲೂ ಇದೇ ಗೋಳು. ಸೆಲ್ ಹೊಸದು. ರಿಸೀವರ್ ಟಿವಿ ಸ್ಟ್ಯಾಂಡ್ ಒಳಗಿದೆ. ಸೆಟ್ಟೇ ಬದಲಿಸಬೇಕಾ?

ಮೈಸೂರಿನ ಒಬ್ಬರು: ಇದು ಚಾನೆಲ್ ಸಮಸ್ಯೆಯೇ. ರಿಸೀವರ್‌ನಲ್ಲಿ ಬೇರೆ ಚಾನೆಲ್ ಹಾಕಿ, ಮುಗೀತು.

ಕೇಳಿದವರು: ಹಾಕಿದೆ ಸರ್. ಈಗ ಒಂದನೇ ಮೈಕ್ ಪೂರ್ತಿ ಮೌನ!

ಹಾಸನದಲ್ಲಿ ಸೌಂಡ್ ಸೆಟ್ ಇಟ್ಟಿರುವವರು: ರಿಸೀವರ್ ಚಾನೆಲ್ ಬದಲಾಯಿತು, ಮೈಕ್ ಹಳೆಯದರಲ್ಲೇ ಕೂತಿದೆ. ಹಾಗಾಗಿ ಮೌನ. ಮೈಕಿನಲ್ಲೂ ಅದೇ ಚಾನೆಲ್ ಆಗಬೇಕು. ಕೆಲವು ಸೆಟ್‌ನಲ್ಲಿ ಮೈಕನ್ನು ರಿಸೀವರ್ ಮುಂದೆ ಹಿಡಿದು ಸಿಂಕ್ ಬಟನ್ ಒತ್ತಬೇಕು, ಕೆಲವಲ್ಲಿ ಮೈಕಿನಲ್ಲೇ ಬಟನ್ ಇರುತ್ತದೆ. ಸದ್ಯಕ್ಕೆ ಹಳೆಯ ಚಾನೆಲ್‌ಗೇ ವಾಪಸ್ ಹೋಗಿ. ಮೊದಲು ರೋಗ ಯಾವುದೆಂದು ನೋಡೋಣ.

ಒಬ್ಬರು ಹಾಡಲಿ, ಇನ್ನೊಬ್ಬರು ರಿಸೀವರ್ ಮುಂದೆ ಕೂರಲಿ. ಅದರಲ್ಲಿ RF ಅಂತ ಒಂದು ದೀಪ, AF ಅಂತ ಇನ್ನೊಂದು ಇರುತ್ತದೆ. ದನಿ ಹೋದ ಕ್ಷಣದಲ್ಲಿ RF ಉರಿಯುತ್ತಲೇ ಇದ್ದು AF ಮಾತ್ರ ಆರಿದರೆ, ಸಿಗ್ನಲ್ ಬರುತ್ತಿದೆ, ದನಿ ಬರುತ್ತಿಲ್ಲ. ಮೈಕಿನ ತಲೆ ಅಥವಾ ಸ್ವಿಚ್ ನೋಡಬೇಕು. RF ಆರಿದರೆ ತಕ್ಷಣ ಮೈಕಿನ ಡಿಸ್‌ಪ್ಲೇ ನೋಡಿ. ಅದೂ ಆರಿ ಹೊತ್ತಿಕೊಂಡರೆ ಸೆಲ್ ಕಡೆ ತೊಂದರೆ. ಅದು ಉರಿಯುತ್ತಲೇ ಇದ್ದರೆ ಸಿಗ್ನಲ್ ದಾರಿಯಲ್ಲಿ ಕಳೆದುಹೋಗುತ್ತಿದೆ.

ಧಾರವಾಡದ ಅಕ್ಕ: ನನ್ನದೂ ಇದೇ ಪಾಡು. ಬ್ಲೂಟೂತ್ ಮೈಕ್, ನಾನು ಹಾಡಿದ್ದು ಸ್ವಲ್ಪ ತಡವಾಗಿ ಕೇಳಿಸುತ್ತದೆ. ತಾಳ ತಪ್ಪುತ್ತದೆ.

ಹಾಸನದವರು: ಅಕ್ಕಾ, ಅದು ಬೇರೆ ಕಥೆ. ಬ್ಲೂಟೂತ್‌ನಲ್ಲಿ ಆ ತಡ ಇದ್ದೇ ಇರುತ್ತದೆ, ಆಂಟೆನಾ ತಿರುಗಿಸಿದರೆ ಹೋಗುವುದಲ್ಲ.

ಕೇಳಿದವರು: ಮಗಳನ್ನು ರಿಸೀವರ್ ಮುಂದೆ ಕೂರಿಸಿ ನೋಡಿದೆ. ಒಂದನೇ ಮೈಕ್: RF ಆರುತ್ತದೆ, ಡಿಸ್‌ಪ್ಲೇ ಉರಿಯುತ್ತಲೇ ಇರುತ್ತದೆ. ಎರಡನೆಯದು: ಡಿಸ್‌ಪ್ಲೇನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಅದೂ ನಾನು ಕೈ ಆಡಿಸಿದಾಗ.

ಹಾಸನದವರು: ನೋಡಿದ್ರಾ, ಎರಡು ಮೈಕಿಗೆ ಎರಡು ರೋಗ. ಎರಡನೆಯದರ ಸೆಲ್ ತೆಗೆದು, ಸೆಲ್ ಕೂರುವ ಗೂಡಿನೊಳಗೆ ಟಾರ್ಚ್ ಬಿಡಿ.

ಕೇಳಿದವರು: ಒಂದು ಸ್ಪ್ರಿಂಗ್ ಚಪ್ಪಟೆಯಾಗಿದೆ. ಅದರ ಬುಡದಲ್ಲಿ ಬಿಳಿ ಪುಡಿ ಕೂತಿದೆ, ಸುಣ್ಣದ ಹಾಗೆ.

ಮೈಸೂರಿನವರು: ಮರಳು ಕಾಗದ ಹಾಕಿ ಉಜ್ಜಿ. ಸ್ಪ್ರಿಂಗ್ ಮೇಲೆ ಚಾಕಲೇಟ್ ಫಾಯಿಲ್ ಮಡಚಿ ಇಡಿ, ನಮ್ಮ ರಿಮೋಟ್ ವರ್ಷದಿಂದ ಹಾಗೇ ಓಡ್ತಿದೆ.

ಹಾಸನದವರು: ರಿಮೋಟ್ ಒಂದೆಡೆ ಬಿದ್ದಿರುತ್ತದೆ, ಮೈಕ್ ಕೈಯಲ್ಲಿ ಕುಣಿಯುತ್ತದೆ. ಫಾಯಿಲ್ ಸರಿದು ಎರಡು ಕಾಂಟ್ಯಾಕ್ಟ್ ಮುಟ್ಟಿದರೆ ಶಾರ್ಟ್. ಮರಳು ಕಾಗದದಿಂದ ಮೇಲಿನ ಲೇಪ ಹೋಗುತ್ತದೆ, ಆಮೇಲೆ ತುಕ್ಕು ಬೇಗ ಹಿಡಿಯುತ್ತದೆ.

ಆ ಪುಡಿ ಹಿಂದೆ ಸೋರಿದ ಆಲ್ಕಲೈನ್ ಸೆಲ್‌ನದು. ಕಿವಿಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಹಿಂಡಿ, ಪುಡಿ ಮೇಲೆ ಒತ್ತಿ. ಸಣ್ಣಗೆ ನೊರೆ ಬಂದು ಪುಡಿ ಕರಗುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮಸುಕಾಗಿರುವ ತಗಡಿಗೆ ಪೆನ್ಸಿಲ್ ರಬ್ಬರ್ ಸಾಕು. ಸ್ಪ್ರಿಂಗನ್ನು ಚಿಮಟದಿಂದ ಮೆಲ್ಲಗೆ ಒಂದೆರಡು ಮಿಲಿಮೀಟರ್ ಎಳೆಯಿರಿ. ಸೆಲ್ ಹಾಕುವಾಗ ಸ್ವಲ್ಪ ಬಿಗಿ ಅನ್ನಿಸಬೇಕು. ಇನ್ನು ಮುಂದೆ ಹಾಡು ಮುಗಿದ ಮೇಲೆ ಸೆಲ್ ತೆಗೆದಿಡಿ.

ಒಂದನೇ ಮೈಕಿಗೆ ಔಷಧಿ ರಿಸೀವರ್ ಇರುವ ಜಾಗ. ಟಿವಿಯ ಹಿಂಬದಿ, ಸೆಟ್‌ಟಾಪ್ ಬಾಕ್ಸ್ ಎರಡರ ಲೋಹವೂ ಸಿಗ್ನಲ್‌ಗೆ ಗೋಡೆ. ರಿಸೀವರನ್ನು ಹೊರಗೆ ತೆಗೆದು ಎದೆಯೆತ್ತರಕ್ಕಿಂತ ಮೇಲೆ ಇಡಿ, ನೀವು ನಿಲ್ಲುವ ಜಾಗ ನೇರ ಕಾಣಬೇಕು. ಎರಡು ಆಂಟೆನಾ ಇದ್ದರೆ ಒಂದು ಎಡಕ್ಕೆ ಒಂದು ಬಲಕ್ಕೆ ವಾಲಿಸಿ. ವೈಫೈ ರೂಟರ್ ಪಕ್ಕ ಬೇಡ. ಇನ್ನೊಂದು, ಮೈಕಿನ ಬಾಲ ಹಿಡಿದು ಹಾಡುತ್ತೀರಾ? ತುಂಬಾ ಮೈಕ್‌ಗಳಲ್ಲಿ ಆಂಟೆನಾ ಇರುವುದು ಅಲ್ಲೇ. ನಡುಮಧ್ಯ ಹಿಡಿಯಿರಿ.

ಕೇಳಿದವರು: (ಮೂರು ದಿನ ಬಿಟ್ಟು) ಎರಡನೆಯದು ಗಟ್ಟಿಯಾಗಿ ಅಲ್ಲಾಡಿಸಿದರೂ ಆರುತ್ತಿಲ್ಲ. ಬಾಲ ಹಿಡಿಯುವುದು ನನ್ನ ಗಂಡನ ಅಭ್ಯಾಸ, ಸ್ಟೈಲ್ ಅಂತೆ! ರಿಸೀವರ್ ಈಗ ಪುಸ್ತಕದ ಕಪಾಟಿನ ಮೇಲೆ. ಹಗಲು ಒಂದು ಸಲವೂ ಕಟ್ ಆಗಲಿಲ್ಲ. ಆದರೆ ಶನಿವಾರ ಸಂಜೆ ಒಂದನೇ ಮೈಕ್ ಮತ್ತೆ ಎರಡು ಸಲ ಹೋಯಿತು.

ಹಾಸನದವರು: ನಿಮ್ಮ ಅಪಾರ್ಟ್‌ಮೆಂಟಲ್ಲಿ ಶನಿವಾರ ಭಜನೆಯೋ ಕಾರ್ಯಕ್ರಮವೋ ಇರುತ್ತಾ? ಮುಂದಿನ ವಾರ ಅದೇ ಹೊತ್ತಿಗೆ ಎರಡೂ ಮೈಕ್ ಆಫ್ ಮಾಡಿ ರಿಸೀವರ್ ಮಾತ್ರ ಆನ್ ಇಡಿ. ಮೈಕ್ ಆಫ್ ಇದ್ದರೂ RF ಹೊತ್ತಿಕೊಂಡರೆ ಬೇರೆ ಏನೋ ಅದೇ ಚಾನೆಲ್‌ನಲ್ಲಿದೆ. ಆಗ ಮೈಸೂರಿನವರ ಮಾತು ಕೇಳಿ, ಆದರೆ ಮೈಕನ್ನೂ ಸಿಂಕ್ ಮಾಡಿ.

ಮೈಸೂರಿನವರು: ನಾನು ಮೊದಲೇ ಹೇಳಿದ್ದೆ ಅಲ್ವಾ!

ಕೇಳಿದವರು: ಕ್ಲಬ್ ಹೌಸ್‌ನಲ್ಲಿ ಭಜನೆ ಇರುತ್ತದೆ, ಹೌದು. ಶನಿವಾರ ನೋಡಿ ಹೇಳುತ್ತೇನೆ.