14ರ ನೈಟ್ ಬದಲಾಯಿಸಿಕೊಳ್ಳೋಕೆ ಏನಂತ ಬರೀಬೇಕು

"ಚಿಕ್ಕಪ್ಪ, ನನಗೆ 14ಕ್ಕೆ ನೈಟ್ ಬಿದ್ದಿದೆ, 15ಕ್ಕೆ ಬೆಳಿಗ್ಗೆ 10ಕ್ಕೆ ಪರೀಕ್ಷೆ. ನಮ್ಮ ಸೆಕ್ಷನ್ ಅಕ್ಕನ್ನ ಕೇಳೋಣ ಅಂತ ಹೀಗೆ ಬರ್ದಿದೀನಿ: ಅಕ್ಕ, ಮುಂದಿನ ವಾರ ನನ್ನ ನೈಟ್ ಎಕ್ಸ್‌ಚೇಂಜ್ ಮಾಡ್ಕೋತೀರಾ? ತುಂಬಾ ಅರ್ಜೆಂಟ್ ಇದೆ. ಯಾವಾಗಾದ್ರೂ ನಾನೂ ಮಾಡಿಕೊಡ್ತೀನಿ. ಇಷ್ಟು ಸಾಕಾ? ಡ್ಯೂಟಿ ಚಾರ್ಟ್ ಫೋಟೋನೂ ಹಾಕಿದೀನಿ, ನೀವು ಚಾರ್ಟ್ ಹಾಕೋರಲ್ವಾ, ನೋಡಿ ಹೇಳಿ."

ನೋಡಮ್ಮ, ಸಾಲಲ್ಲ. ಸ್ವಲ್ಪ ಉದ್ದ ಆಗುತ್ತೆ, ಆರಾಮಾಗಿ ಕೇಳು. ಉಳಿದೋರೂ ಬೇಕಿದ್ರೆ ಕೇಳಿಸ್ಕೊಳ್ಳಿ, ಪಾಳಿ ಕೆಲಸ ಮಾಡೋರು ಈ ಗ್ರೂಪಲ್ಲಿ ಇನ್ನೂ ಇದ್ದಾರೆ.

ಮೊದಲು ತಾರೀಖು ವಿಷಯ. "ನನ್ನ ನೈಟ್" ಅಂದ್ರೆ ಯಾವ ನೈಟು? ಬೇರೆ ಶಿಫ್ಟ್ ಆದ್ರೆ ತಾರೀಖು ಒಂದು ಹೇಳಿದ್ರೆ ಮುಗೀತು. ನೈಟ್ ಹಾಗಲ್ಲ, ಒಂದು ತಾರೀಖಲ್ಲಿ ಶುರುವಾಗಿ ಇನ್ನೊಂದು ತಾರೀಖಲ್ಲಿ ಮುಗಿಯುತ್ತೆ. ನಮ್ಮಲ್ಲಿ ಒಂದ್ಸಲ ಏನಾಯ್ತು ಗೊತ್ತಾ, ಒಬ್ಬರು "ಶುಕ್ರವಾರದ ನೈಟ್ ನೋಡ್ಕೊಳ್ಳಿ" ಅಂತ ಕಳಿಸಿದ್ರು. ಅವರ ಮನಸ್ಸಲ್ಲಿದ್ದದ್ದು ಗುರುವಾರ ರಾತ್ರಿ ಹೋಗಿ ಶುಕ್ರವಾರ ಬೆಳಿಗ್ಗೆ ಬಿಡೋ ಡ್ಯೂಟಿ. ಓದಿದೋರು ಶುಕ್ರವಾರ ರಾತ್ರಿ ಬ್ಯಾಗ್ ಹಾಕ್ಕೊಂಡು ಬಂದ್ರು. ಅಷ್ಟರಲ್ಲಿ ಗುರುವಾರ ರಾತ್ರಿ 10ಕ್ಕೆ ಯಾರೂ ಬರದೆ, ಸೆಕೆಂಡ್ ಶಿಫ್ಟ್‌ನಲ್ಲಿದ್ದೋರು ಹ್ಯಾಂಡೋವರ್ ತಗೊಳ್ಳೋರಿಲ್ಲ ಅಂತ ಬೆಳಗಿನ ತನಕ ಕೂತಿದ್ದರು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಮೆಸೇಜೇ ಎರಡು ಥರ ಓದಿಸ್ಕೊಳ್ತಿತ್ತು ಅಷ್ಟೆ.

ಅದಕ್ಕೆ ನೈಟ್ ಬರೆಯುವಾಗ ಎರಡು ತುದಿನೂ ಬರೀಬೇಕು. "14, ಗುರುವಾರ ರಾತ್ರಿ 10ರಿಂದ 15, ಶುಕ್ರವಾರ ಬೆಳಿಗ್ಗೆ 6ರವರೆಗೆ" ಅಂತ. ವಾರದ ಹೆಸರು ಯಾಕೆ ಅಂದ್ರೆ, ತಾರೀಖು ಟೈಪ್ ಮಾಡುವಾಗ 14 ಹೋಗಿ 15 ಆಗಿದ್ರೂ ವಾರಕ್ಕೂ ತಾರೀಖಿಗೂ ತಾಳೆ ಆಗಲ್ಲ, ಓದೋರಿಗೆ ತಕ್ಷಣ ಗೊತ್ತಾಗುತ್ತೆ. "ಮುಂದಿನ ವಾರ", "ನಾಳಿದ್ದು" ಇವೆಲ್ಲ ಬೇಡವೇ ಬೇಡ. ನೀನು ಇವತ್ತು ಕಳಿಸಿದ್ದನ್ನ ಅವರು ನಾಳೆ ಓದ್ತಾರೆ.

ಇನ್ನು "ಯಾವಾಗಾದ್ರೂ ನಾನೂ ಮಾಡಿಕೊಡ್ತೀನಿ" ಅಂದಿದೀಯಲ್ಲ, ಅಲ್ಲೇ ನಿನ್ನ ಮೆಸೇಜ್ ಸೊರಗೋದು. ಎಲ್ಲರೂ ಹಂಗೇ ಅಂತಾರೆ. ಕೇಳಿಸ್ಕೊಂಡೋರು ಮನಸ್ಸಲ್ಲೇ ನಕ್ಕು "ನೋಡ್ತೀನಿ" ಅಂತಾರೆ. ಅದರ ಬದಲು, ಹೂಂ ಅಂದ್ರೆ ಅಕ್ಕನಿಗೆ ಏನು ಹೋಗುತ್ತೆ ಅಂತ ಚಾರ್ಟಲ್ಲಿ ನೋಡು, ಹೋಗಿದ್ದನ್ನೇ ವಾಪಸ್ ಕೊಡು. ನಾನು ನಿನ್ನ ಫೋಟೋ ದೊಡ್ಡದು ಮಾಡಿ ನೋಡಿದೆ. 14ಕ್ಕೆ ಅವರಿಗೆ ಸೆಕೆಂಡ್ ಶಿಫ್ಟ್, ಮಧ್ಯಾಹ್ನ 2ರಿಂದ ರಾತ್ರಿ 10. 15ಕ್ಕೆ ವೀಕ್ ಆಫ್. ಅಂದ್ರೆ ಈಗಿರೋ ಪ್ರಕಾರ ಗುರುವಾರ ರಾತ್ರಿ 10ಕ್ಕೆ ಮನೆಗೆ ಹೊರಟ್ರೆ ಶುಕ್ರವಾರ ಇಡೀ ದಿನ ಅವರದ್ದು. ನಿನ್ನ ನೈಟ್ ತಗೊಂಡ್ರೆ ಶುಕ್ರವಾರ ಬೆಳಿಗ್ಗೆ 6ಕ್ಕೆ ಬಿಟ್ಟು, ಮನೆಗೆ ಹೋಗಿ ಮಲಗಿ, ಏಳೋ ಹೊತ್ತಿಗೆ ಮಧ್ಯಾಹ್ನ. ಚಾರ್ಟಲ್ಲಿ ಆಫ್ ಅಂತಾನೇ ಇರುತ್ತೆ, ಅರ್ಧ ದಿನ ಮಾತ್ರ ನಿದ್ದೇಲಿ ಹೋಗಿರುತ್ತೆ. ಗಂಟೆ ಲೆಕ್ಕದಲ್ಲಿ ಎಂಟಕ್ಕೆ ಎಂಟು ಸರಿಹೋಯ್ತು ಅಂತ ನೀನು ಅಂದ್ಕೊಂಡ್ರೂ, ನೈಟಿಗೂ ಸೆಕೆಂಡ್ ಶಿಫ್ಟಿಗೂ ಯಾರೂ ಸಮ ಅನ್ನಲ್ಲ.

ಈಗ 21, ಗುರುವಾರ ನೋಡು. ಅವತ್ತು ನೈಟ್ ಅಕ್ಕನಿಗೆ, ಸೆಕೆಂಡ್ ಶಿಫ್ಟ್ ನಿನಗೆ. 22ಕ್ಕೆ ಅವರಿಗೆ ಮತ್ತೆ ವೀಕ್ ಆಫ್. 14ಕ್ಕೆ ಹೆಂಗಿದೆಯೋ 21ಕ್ಕೆ ಅದರ ಉಲ್ಟಾ. ಆ ನೈಟ್ ನೀನು ತಗೊಂಡು ಅವರನ್ನ ಸೆಕೆಂಡ್ ಶಿಫ್ಟ್‌ಗೆ ಕಳಿಸಿದ್ರೆ, 15ಕ್ಕೆ ಹೋದ ಅರ್ಧ ದಿನ ಅವರಿಗೆ 22ಕ್ಕೆ ಸಿಕ್ತು. ಇಬ್ಬರಿಗೂ ನೈಟ್ ಎಷ್ಟಿತ್ತೋ ಅಷ್ಟೇ ಉಳಿಯುತ್ತೆ, ಎರಡೂ ಒಂದೇ ತಿಂಗಳಲ್ಲಿರೋದ್ರಿಂದ ನೈಟ್ ಭತ್ಯೆಯಲ್ಲೂ ಯಾರಿಗೂ ಕಮ್ಮಿ ಆಗಲ್ಲ. ಇನ್ನೊಂದು ಅನುಕೂಲ ಏನಂದ್ರೆ, ಅದೇ ದಿನದ ಶಿಫ್ಟಿಗೆ ಅದೇ ದಿನದ ಶಿಫ್ಟ್ ಬದಲಾಗೋದ್ರಿಂದ ವಾರದ ಗಂಟೆ ಏರುಪೇರಾಗಲ್ಲ. ಈ ವಾರ ನೀವು ಮಾಡಿ ಮುಂದಿನ ವಾರ ನಾನು ಮಾಡ್ತೀನಿ ಅಂತ ರಜೆ ದಿನಕ್ಕೆ ಕೈ ಹಾಕಿದ್ರೆ, ಒಬ್ಬರಿಗೆ ಒಂದು ವಾರ ಏಳು ದಿನ ಡ್ಯೂಟಿ ಬಂದು ಕೂರುತ್ತೆ. ಅಂಥದ್ದು ನನ್ನ ಟೇಬಲ್‌ಗೆ ಬಂದ್ರೆ ಓವರ್‌ಟೈಮ್ ತಲೆನೋವು ಯಾರಿಗೆ ಬೇಕು ಅಂತ ನಾನೇ ವಾಪಸ್ ಕಳಿಸ್ತೀನಿ.

ಬದಲಾಯಿಸೋ ದಿನ ಮಾತ್ರ ನೋಡಿದ್ರೆ ಸಾಲದು, ಅದರ ಹಿಂದಿನ ದಿನ, ಮುಂದಿನ ದಿನ ಎರಡೂ ನೋಡ್ಬೇಕು. ಎಡವಟ್ಟಾಗೋದು ಅಲ್ಲೇ. ಅಕ್ಕನಿಗೆ 20ಕ್ಕೆ ಏನಿದೆ ಅಂತ ನೋಡಿದೆ, ಸೆಕೆಂಡ್ ಶಿಫ್ಟ್ ಇದೆ, ಪರವಾಗಿಲ್ಲ. ಅದೇನಾದ್ರೂ ನೈಟ್ ಆಗಿದ್ದಿದ್ರೆ 21 ಬೆಳಿಗ್ಗೆ 6ಕ್ಕೆ ಬಿಟ್ಟು ಮಧ್ಯಾಹ್ನ 2ಕ್ಕೆ ಮತ್ತೆ ಬರಬೇಕಿತ್ತು. ಮಧ್ಯೆ ಎಂಟು ಗಂಟೆ ಅಂತ ಕಾಗದದ ಮೇಲೆ ಕಾಣುತ್ತೆ, ಅದರಲ್ಲಿ ಹೋಗೋದು ಬರೋದು ಸ್ನಾನ ಊಟ ಕಳೆದ್ರೆ ನಿದ್ದೆಗೆ ನಾಲ್ಕೈದು ಗಂಟೆ ಉಳಿದ್ರೆ ಹೆಚ್ಚು. ಮೂರನೇ ಸಾಲಲ್ಲಿರೋ ನಿನ್ನ ಫ್ರೆಂಡ್‌ನ ಕೇಳ್ಬೇಡ ಅಂತ ಹೇಳೋದೂ ಅದಕ್ಕೇ. 15ಕ್ಕೆ ಮಧ್ಯಾಹ್ನ 2ಕ್ಕೆ ಅವಳಿಗೆ ಡ್ಯೂಟಿ ಇದೆ. ಸ್ನೇಹಕ್ಕೆ ಹೂಂ ಅಂದುಬಿಡ್ತಾಳೆ, ಆಮೇಲೆ ಕಣ್ಣು ಎಳೀತಾ ಕೂತಿರ್ತಾಳೆ. ನಿನ್ನ ಕಡೆಗೆ ನೋಡಿದ್ರೆ 13ಕ್ಕೆ ಫಸ್ಟ್ ಶಿಫ್ಟ್, 14ಕ್ಕೆ ಮಧ್ಯಾಹ್ನ ಹೋಗಿ ರಾತ್ರಿ 10ಕ್ಕೆ ಬಿಡ್ತೀಯ, 15 ನಿನಗೂ ಆಫ್. ಪರೀಕ್ಷೆ ಹಿಂದಿನ ರಾತ್ರಿ ಓದೋಕೆ ಟೈಮ್ ಸಿಗಲ್ಲ, ನಿದ್ದೆ ಮಾತ್ರ ಸಿಗುತ್ತೆ. ಓದೋದು ಅಷ್ಟರೊಳಗೆ ಮುಗಿಸ್ಕೋ, ಅಪ್ಪ ಕೇಳಿಸ್ಕೊಳ್ತಿದ್ರೆ ಅವರೂ ಇದನ್ನೇ ಹೇಳ್ತಾರೆ.

ಕಾರಣ ಒಂದೇ ಸಾಲಲ್ಲಿ ಸಾಕು. "ಅರ್ಜೆಂಟ್" ಅನ್ನೋದು ಕಾರಣ ಅಲ್ಲ, ಏನೋ ಮುಚ್ಚಿಡ್ತಿದ್ದಾಳೆ ಅನ್ಸುತ್ತೆ. ಹಾಗಂತ ಫೀಸು ಕಟ್ಟಿದ ಕಥೆ, ಹೋದ ವರ್ಷ ತಪ್ಪಿದ ಕಥೆ ಎಲ್ಲ ಬಿಚ್ಚಿದ್ರೆ ಅವರಿಗೆ ಬೇಡ ಅನ್ನೋಕೆ ಬಾಯಿ ಬರಲ್ಲ, ಆ ಒತ್ತಡ ಹಾಕೋದೂ ತಪ್ಪು. ಪರೀಕ್ಷೆ ಇದೆ, ಬೆಳಿಗ್ಗೆ 10ಕ್ಕೆ, ಅಷ್ಟೆ. ಮನೆ ಕಡೆ ಸಮಸ್ಯೆನೋ ಆರೋಗ್ಯದ ವಿಷಯನೋ ಆಗಿದ್ರೆ "ಮನೇಲಿ ಒಂದು ಕೆಲಸ ಇದೆ, ಮುಂದಕ್ಕೆ ಹಾಕೋಕಾಗಲ್ಲ" ಅಂದ್ರೂ ನಡೆಯುತ್ತೆ. ಇಲ್ಲದ ಕಾರಣ ಹುಟ್ಟಿಸೋದು ಮಾತ್ರ ಬೇಡ.

ನಾನಾಗಿದ್ರೆ ಹೀಗೆ ಬರೀತಿದ್ದೆ, ಕಾಪಿ ಮಾಡ್ಕೋ:

"ಅಕ್ಕ ನಮಸ್ತೆ. ಒಂದು ಶಿಫ್ಟ್ ಬದಲಾಯಿಸಿಕೊಳ್ಳೋಕೆ ಆಗುತ್ತಾ ಅಂತ ಕೇಳೋಣ ಅಂತ. ನನಗೆ 14, ಗುರುವಾರ ರಾತ್ರಿ 10ರಿಂದ 15, ಶುಕ್ರವಾರ ಬೆಳಿಗ್ಗೆ 6ರವರೆಗೆ ನೈಟ್ ಇದೆ. 15ಕ್ಕೆ ಬೆಳಿಗ್ಗೆ 10ಕ್ಕೆ ಪರೀಕ್ಷೆ ಇದೆ. ಆ ನೈಟ್ ನೀವು ತಗೊಂಡ್ರೆ, 14ರ ನಿಮ್ಮ ಸೆಕೆಂಡ್ ಶಿಫ್ಟ್ ನಾನು ಮಾಡ್ತೀನಿ. ಅದಕ್ಕೆ ಬದಲಾಗಿ 21, ಗುರುವಾರ ರಾತ್ರಿ 10ರಿಂದ 22 ಬೆಳಿಗ್ಗೆ 6ರವರೆಗಿನ ನಿಮ್ಮ ನೈಟ್ ನಾನು ಮಾಡ್ತೀನಿ, ನೀವು ಅವತ್ತು ನನ್ನ ಸೆಕೆಂಡ್ ಶಿಫ್ಟ್‌ಗೆ ಬಂದ್ರೆ ಸಾಕು, 22ರ ಆಫ್ ನಿಮಗೆ ಪೂರ್ತಿ ಸಿಗುತ್ತೆ. ಬೇರೆ ದಿನ ಅನುಕೂಲ ಅನ್ಸಿದ್ರೆ ಅದನ್ನೂ ಹೇಳಿ. 15ಕ್ಕೆ ನಿಮಗೇನಾದ್ರೂ ಕೆಲಸ ಇದ್ರೆ ಖಂಡಿತ ಬೇಡ ಅನ್ನಿ, ನಾನು ಬೇರೆಯವರನ್ನ ಕೇಳ್ತೀನಿ. 12, ಮಂಗಳವಾರ ಸಂಜೆಯೊಳಗೆ ತಿಳಿಸಿದ್ರೆ ಇನ್‌ಚಾರ್ಜ್‌ಗೆ ನಾನೇ ಹೇಳಿ ಚಾರ್ಟ್ ಬದಲಾಯಿಸ್ತೀನಿ."

ಮಂಗಳವಾರ ಅಂತ ಯಾಕೆ ಹಾಕಿದೆ ಅಂದ್ರೆ, ಅವರು ಆಗಲ್ಲ ಅಂದ್ರೂ ಇನ್ನೊಬ್ಬರನ್ನ ಕೇಳೋಕೆ ನಿನಗೆ ಒಂದು ದಿನ ಉಳಿಯುತ್ತೆ. ಗಡುವು ಇಲ್ಲದ ಮೆಸೇಜಿಗೆ "ನೋಡಿ ಹೇಳ್ತೀನಿ" ಅನ್ನೋ ಉತ್ತರ ಬಂದು ಅಲ್ಲೇ ನಿಂತುಬಿಡುತ್ತೆ. ಇದನ್ನ ಅಕ್ಕನಿಗೆ ಮಾತ್ರ ಕಳಿಸು, ಆಫೀಸ್ ಗ್ರೂಪಿಗೆ ಹಾಕ್ಬೇಡ. ಗ್ರೂಪಲ್ಲಿ ಒಂದೋ ಯಾರೂ ಉಸಿರೆತ್ತಲ್ಲ, ಇಲ್ಲಾ ಇಬ್ಬರು ಹೂಂ ಅಂದು ಒಬ್ಬರಿಗೆ ಸುಮ್ನೆ ಬೇಜಾರು. ನೇರವಾಗಿ ಸಿಗೋದಿದ್ರೆ ಬಾಯಲ್ಲಿ ಕೇಳಿ ಆಮೇಲೆ ಇದನ್ನ ಕಳಿಸಿದ್ರೆ ಇನ್ನೂ ಚೆನ್ನ, ಆದ್ರೆ ಹೂಂ ಅನ್ನೋದು ಬರಹದಲ್ಲಿ ಬರಲಿ. ಬರೀ ಹೆಬ್ಬೆಟ್ಟಿನ ಗುರುತು ಬಂದ್ರೆ ಓದಿದೆ ಅಂತನೋ ಒಪ್ಪಿದೆ ಅಂತನೋ ತಿಳಿಯಲ್ಲ, "14ರ ನೈಟ್ ನಿಮ್ಮದು, 21ರ ನೈಟ್ ನನ್ನದು, ಸರಿನಾ ಅಕ್ಕ?" ಅಂತ ಇನ್ನೊಂದ್ಸಲ ಕೇಳ್ಬಿಡು.

ಒಪ್ಪಿದ್ರೂ ಕೆಲಸ ಮುಗೀಲಿಲ್ಲ. ಇನ್‌ಚಾರ್ಜ್‌ಗೆ ಇಬ್ಬರ ಹೆಸರು, ಎರಡೂ ದಿನದ ಬದಲಾವಣೆ ಒಟ್ಟಿಗೆ ಕಳಿಸು. 14ರದ್ದು ಮಾತ್ರ ಹೇಳಿ 21ರದ್ದು ಆಮೇಲೆ ಹೇಳೋಣ ಅಂದ್ರೆ, ಅಷ್ಟರಲ್ಲಿ ಚಾರ್ಟ್ ಬೇರೆಯಾಗಿ, ಅಕ್ಕನಿಗೆ ಎರಡೂ ನೈಟ್ ಬಿದ್ದು, ನೀನು ಮಾತು ತಪ್ಪಿದೋಳಾಗ್ತೀಯ. ಚಾರ್ಟಲ್ಲಿ ನಿನ್ನ ಹೆಸರು ಇರೋ ತನಕ ಆ ನೈಟ್ ನಿನ್ನದೇ. ಅಕ್ಕ ಬರದಿದ್ರೆ ಫೋನ್ ನಿನಗೇ ಬರುತ್ತೆ, ಪರೀಕ್ಷೆ ಇದೆ ಅಂದ್ರೆ ಯಾರೂ ಕೇಳಲ್ಲ. ಚಾರ್ಟ್ ತಿದ್ದಿದ ಮೇಲೆ ಒಂದು ಫೋಟೋ ತೆಗೆದು ಅಕ್ಕನಿಗೂ ಕಳಿಸು. ಆಮೇಲೆ ಅವರಿಗೆ ಜ್ವರನೋ ಏನೋ ಬಂದ್ರೆ ಅದನ್ನ ಅವರು ಇನ್‌ಚಾರ್ಜ್‌ಗೆ ಹೇಳಿಕೊಳ್ತಾರೆ, ನಿನ್ನ ಹತ್ರ ಬರಲ್ಲ.

ಅಕ್ಕ ಬೇಡ ಅಂದ್ರೆ ಯಾಕೆ ಅಂತ ಕೇಳ್ಬೇಡ, "ಸರಿ ಅಕ್ಕ, ಪರವಾಗಿಲ್ಲ" ಅಂತ ಬಿಡು. ಐದನೇ ಸಾಲಲ್ಲಿ ಇರೋರಿಗೂ 15 ಆಫ್ ಇದೆ, ಅವರ ನೈಟ್ 19ಕ್ಕಿದೆ. ಬೇಕಾದ್ರೆ ಅವರಿಗೆ ಹೇಗೆ ಹೊಂದಿಸೋದು ಅಂತ ಆಗ ನೋಡೋಣ.

ಆಮೇಲೆ ಒಂದು, ಕಳಿಸೋ ಮುಂಚೆ 22ಕ್ಕೆ ನಿನ್ನ ಸಾಲಲ್ಲಿ ಏನಿದೆ ಅಂತ ಚಾರ್ಟಲ್ಲೇ ನೋಡ್ಕೊಂಡು ಬಾ. ಫೋಟೋದಲ್ಲಿ ಆ ಮೂಲೆಗೆ ನಿನ್ನ ಬೆರಳು ಅಡ್ಡ ಬಂದಿದೆ, ನನಗೆ ಕಾಣ್ತಿಲ್ಲ. ಆಫ್ ಇದ್ರೆ ಮೇಲಿನದ್ದನ್ನೇ ಕಳಿಸು. ಫಸ್ಟ್ ಅಥವಾ ಸೆಕೆಂಡ್ ಶಿಫ್ಟ್ ಇದ್ರೆ 21ರ ನೈಟ್ ಕೊಡ್ತೀನಿ ಅನ್ನೋಕಾಗಲ್ಲ, ನನಗೆ ಫೋನ್ ಮಾಡು.